ಸಪ್ಪಳ ಮಾಡಬ್ಯಾಡ: ದೃಶ್ಯ 4ರ ಹಾಡು

ಸ್ಥಳ: ಇಳಕಲ್ಲಿನ ನೇಕಾರರ ಓಣಿ, ಕುಣಿಮಗ್ಗದ ಮನೆ. ಹೊತ್ತು: ಡಿಸೆಂಬರ್, ನಸುಕು. ದೃಶ್ಯದ ಉದ್ದ: 2 ನಿಮಿಷ 50 ಸೆಕೆಂಡ್. ಮಾತಿಲ್ಲ.

ಸಂದರ್ಭ: ಸಂಗಪ್ಪ, 48 ವರ್ಷ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಬೆಂಗಳೂರಿನಲ್ಲಿ ಕಾವಲುಗಾರನ ಕೆಲಸ ಗೊತ್ತಾಗಿದೆ, ಮನೆಯಲ್ಲಿ ಹೇಳಿಲ್ಲ. ಎಲ್ಲರೂ ಮಲಗಿರುವಾಗ ಹೊರಡುತ್ತಾನೆ.

ಹಾಡು

ಚಿಲಕವ್ವ ನನ್ನವ್ವ ಸಪ್ಪಳ ಮಾಡಬ್ಯಾಡ
ಕೌದ್ಯಾಗ ಮಕ್ಳು ಮಲಗ್ಯಾರ – ಹಗೂರಕ
ಬೆರಳೀಗಿ ಬಂದು ಸರದ್ಹೋಗ

ಕುಣಿಮಗ್ಗ ತಂದೆ ನೀ ಕಣ್ಣೆತ್ತಿ ನೋಡಬ್ಯಾಡ
ಅರ್ಧಕ್ಕ ನಿಂತ ಸೀರ್ಯಾಗ – ಒಂದೆಳಿ
ಕಡದಿಲ್ಲ, ಬಿಟ್ಟು ಹೊಂಟೀನಿ

ಒಡಲೀಗಿ ಸೆರಗೀನ ಕೊಂಡಿಯ ಹಾಕಿದ ಕೈ
ಕದ ಮುಂದ ಮಾಡಿ ನಿಂತೈತಿ – ಹೊರಗಿಂದ
ಒಳಕೊಂಡಿ ಹ್ಯಾಂಗ ಹಾಕಲಿ

ಓಣೀಯ ನಾಯಣ್ಣ ನನ ಗುರ್ತ ಹಿಡಿಬ್ಯಾಡ
ದಿನ ಹಾಕಿದ್ ರೊಟ್ಟಿ ನೆನಿಬ್ಯಾಡ – ಬಾಲಾಡ್ಸಿ
ಬೆನ್ಹತ್ತಿ ಬಂದು ಬೊಗಳ್ಬ್ಯಾಡ

ಹೊತ್ತಪ್ಪ ಸೂರ್ಯಣ್ಣ ಲಗೂ ಎದ್ದು ಬರಬ್ಯಾಡ
ಲಾಳೀಯ ಸದ್ದು ಇಲ್ಲದ್ದು – ಒಂದಽ ಮನಿ
ಯಾರ್ದಂತ ಓಣಿ ಕೇಳೀತ

ಸಂಗೀತ ನಿರ್ದೇಶಕರಿಗೆ

ಐದೂ ಪದ್ಯ ತ್ರಿಪದಿಯ ಕಟ್ಟಿನವು. ಈ ಭಾಗದ ಹೆಂಗಸರು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಹಾಡಿಕೊಂಡು ಬಂದ ಮಟ್ಟು ಇದೇ ಆದ್ದರಿಂದ ಹೊಸ ಛಂದಸ್ಸು ಹುಡುಕಲಿಲ್ಲ. ಗಣಗಳ ಲೆಕ್ಕ 4, 4, 3. ಎರಡನೆಯ ಸಾಲಿನ ಎರಡನೆಯ ಗಣವೂ ಮೂರನೆಯ ಸಾಲಿನ ಎರಡನೆಯ ಗಣವೂ ಗಿಡ್ಡ (‘ಮಕ್ಳು’, ‘ಬಂದು’). ಅಲ್ಲಿ ಎಳೆದು ಉಳಿದವುಗಳಿಗೆ ಸರಿದೂಗಿಸಬಹುದು, ಆದರೆ ಆ ಗಿಡ್ಡ ಗಣದಲ್ಲಿ ಹಾಡು ಒಮ್ಮೆ ಎಡವಿದಂತೆ ಆಗುವುದೇ ಚೆಂದ. ಕತ್ತಲಲ್ಲಿ ಹೆಜ್ಜೆ ಇಡುವವನ ನಡಿಗೆಗೆ ಅದು ಹೊಂದುತ್ತದೆ.

ವಾಡಿಕೆಯಂತೆ ಎರಡನೆಯ ಸಾಲನ್ನು ಎರಡು ಸಲ ಹಾಡಿ ಮೂರನೆಯದಕ್ಕೆ ಹೋಗಿ. ಆಗ ಒಂದು ಪದ್ಯಕ್ಕೆ 15 ಗಣ. ಗಣಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ ಪದ್ಯಕ್ಕೆ 22 ಸೆಕೆಂಡಿನ ಆಸುಪಾಸು, ಐದಕ್ಕೆ ಸುಮಾರು 1 ನಿಮಿಷ 52 ಸೆಕೆಂಡ್. ಮಿಕ್ಕ 58 ಸೆಕೆಂಡಿನಲ್ಲಿ ಹಾಡೂ ಇಲ್ಲ, ವಾದ್ಯವೂ ಇಲ್ಲ. ಆ ಜಾಗವನ್ನು ಕೊಳಲಿನಿಂದ ತುಂಬುವ ಆಸೆ ಬಂದೇ ಬರುತ್ತದೆ. ತುಂಬಿದರೆ ಚಿಲಕದ ಸದ್ದು ಕೇಳಿಸುವುದಿಲ್ಲ, ಚಿಲಕದ ಸದ್ದಿಲ್ಲದೆ ಮೊದಲ ಪದ್ಯಕ್ಕೆ ಅರ್ಥವಿಲ್ಲ.

ಜೋಗಿಯಾ ಬೇಡ. ನಸುಕಿನ ರಾಗ ಹೌದು, ಆದರೆ ಕೋಮಲ ರಿಷಭ ಬಿದ್ದ ಕೂಡಲೇ ‘ಇಲ್ಲಿ ಅಳಬೇಕು’ ಎಂದು ನೋಡುವವರಿಗೆ ಹೇಳಿಕೊಟ್ಟಂತೆ. ನಾಲ್ಕೈದು ಸ್ವರದೊಳಗೆ ತಿರುಗುವ ಬೀಸುವ ಪದದ ಧಾಟಿ ಸಾಕು. ಶ್ರುತಿಗೆ ಒಂದು ಏಕತಾರಿ. ತಾಳವಾದ್ಯ ಬೇಡ.

ಮುಖ್ಯವಾಗಿ, ಮಗ್ಗದ ಸದ್ದನ್ನು ಲಯಕ್ಕೆ ಬಳಸಬೇಡಿ. ನೇಕಾರರ ಕತೆ ಎಂದರೆ ಲಾಳಿಯ ಖಟಪಟವನ್ನೇ ತಾಳ ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಇಲ್ಲಿ ಹಾಗೆ ಮಾಡಿದರೆ ಕೊನೆಯ ಪದ್ಯ ಸತ್ತಂತೆ: ಅಷ್ಟು ಹೊತ್ತೂ ಲಾಳಿ ಕೇಳಿದವರಿಗೆ ಲಾಳಿ ಇಲ್ಲದ ಮನೆ ತಿಳಿಯುವುದು ಹೇಗೆ?

ಗಾಯಕಿಗೆ

ದನಿ ಹೆಣ್ಣಿನದು, ಐವತ್ತು ದಾಟಿದಂತೆ ಕೇಳಿಸಬೇಕು. ಸಂಗಪ್ಪನ ಹೆಂಡತಿಯ ಪಾತ್ರಧಾರಿಯ ದನಿಗೆ ಹೋಲಬಾರದು, ಹೋಲಿದರೆ ಅವಳು ಎಚ್ಚರವಾಗಿದ್ದಾಳೆ ಎಂಬ ಬೇರೆಯೇ ಕತೆ ಹುಟ್ಟುತ್ತದೆ. ಗಂಡಸಿನ ದನಿಯಲ್ಲಿ ಹಾಡಿಸಿದರೆ ಸಂಗಪ್ಪನೇ ಬಾಯಿಬಿಟ್ಟಂತಾಗಿ ದೃಶ್ಯದ ಮೌನ ಮುರಿಯುತ್ತದೆ.

ಬಿಳಿ ನಾಲ್ಕರ ಶ್ರುತಿಯಿಂದ ಶುರುಮಾಡಿ ನೋಡಿ. ಅದಕ್ಕಿಂತ ಕೆಳಗಿಳಿದರೆ ಪಿಸುಮಾತಾಗಿ ‘ಹಗೂರಕ’, ‘ಸರದ್ಹೋಗ’ ಎರಡರ ಹಕಾರವೂ ಉಸಿರಿನಲ್ಲಿ ಕಳೆದುಹೋಗುತ್ತದೆ. ‘ಸಪ್ಪಳ’ದ ಪ್ಪ, ‘ಬ್ಯಾಡ’ದ ಬ್ಯಾ ಮೈಕಿಗೆ ಬಡಿಯುತ್ತವೆ, ಮೈಕನ್ನು ಒಂದು ಗೇಣು ದೂರ, ಬಾಯಿಯ ನೇರಕ್ಕೆ ಇಡದೆ ತುಸು ಪಕ್ಕಕ್ಕೆ ಇಡಿಸಿ, ಪಾಪ್ ಫಿಲ್ಟರ್ ಇರಲಿ.

ಬ್ಯಾಡ ಎನ್ನುವುದು ‘ಬೇಡ’ ಆಗಕೂಡದು. ‘ಒಂದಽ’ ಎಂಬಲ್ಲಿ ಕೊನೆಯ ಅಕಾರ ಒಂದು ಮಾತ್ರೆ ಹೆಚ್ಚು ಎಳೆಯಬೇಕು, ‘ಒಂದೇ’ ಎಂಬ ಒತ್ತು ಅಲ್ಲಿಯೇ ಇದೆ. ಮೂರನೆಯ ಪದ್ಯದಲ್ಲಿ ಕೊಂಡಿ ಎರಡು ಸಲ ಬರುತ್ತದೆ. ಎರಡನ್ನೂ ಒಂದೇ ಸಮ ಹಾಡಿ ಮುಂದೆ ಹೋಗಿ. ‘ನಾಯಣ್ಣ’ನ ಹತ್ತಿರ ದನಿಯಲ್ಲಿ ಸಣ್ಣ ನಗು ಬಂದರೆ ತಡೆಯಬೇಡಿ.

ನಿರ್ದೇಶಕರಿಗೆ, ಸಂಕಲನಕಾರರಿಗೆ

ಪದ್ಯ ಹೇಳುವ ವಸ್ತುವನ್ನು ಅದೇ ಹೊತ್ತಿಗೆ ತೋರಿಸಬೇಡಿ. ಚಿಲಕದ ಪದ್ಯ ನಡೆಯುವಾಗ ಸಂಗಪ್ಪ ಇನ್ನೂ ಕೌದಿ ಮಡಚುತ್ತಿರಲಿ. ಪದ್ಯ ಮುಗಿದು ನಾಲ್ಕು ಸೆಕೆಂಡ್ ಖಾಲಿ, ಆಮೇಲೆ ಕೈ ಚಿಲಕಕ್ಕೆ ಬರಲಿ. ಆಗ ನೋಡುವವರೂ ಉಸಿರು ಹಿಡಿಯುತ್ತಾರೆ. ಒಂದೇ ವಿನಾಯಿತಿ ಮೂರನೆಯ ಪದ್ಯ: ‘ಕದ ಮುಂದ ಮಾಡಿ’ ಎನ್ನುವಾಗ ಅವನು ಹೊರಗೆ ನಿಂತಿರಬೇಕು, ಕೈ ಕದದ ಮೇಲಿರಬೇಕು. ಹೋಗುವವನು ಒಳಗಿನ ಕೊಂಡಿ ಹಾಕಲಾರ, ಮನೆಯನ್ನು ತೆರೆದಿಟ್ಟೇ ಹೋಗಬೇಕು. ಅವನಿಗೆ ಅದು ಹೊಳೆಯುವುದು ಅಲ್ಲಿಯೇ.

ಈ ಪದ್ಯ ನಿಲ್ಲುವುದು ದೃಶ್ಯ 2ರ ಮೇಲೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಇದನ್ನು ಸಂಗಪ್ಪ ಮಾಡುವ ಹತ್ತಿರದ ಶಾಟ್ ಅಲ್ಲಿ ಕಡಿಮೆಯೆಂದರೆ 8 ಸೆಕೆಂಡ್ ಇರಬೇಕು. ಸಂಕಲನದಲ್ಲಿ ಅದು ಹಾರಿದರೆ ಊರಾಚೆಯ ಪ್ರೇಕ್ಷಕರಿಗೆ ಮೂರನೆಯ ಪದ್ಯದ ಮೊದಲ ಸಾಲು ಬರೀ ಅಲಂಕಾರ. ಬೆರಳುಗಳನ್ನು ನಿಜವಾದ ನೇಕಾರರದೇ ತೆಗೆಯಿರಿ, ಆ ವೇಗ ನಟರಿಗೆ ಒಂದು ವಾರದಲ್ಲಿ ಬರುವುದಿಲ್ಲ.

ಡಿಸೆಂಬರಿನಲ್ಲಿ ಅಲ್ಲಿ ಹೊತ್ತು ಮೂಡುವುದು 6:45ರ ಸುಮಾರಿಗೆ. ಮುಖ ಗುರುತು ಸಿಗುವಷ್ಟು ನೀಲಿ ಬೆಳಕು ಸಿಗುವುದು ಅದಕ್ಕೆ ಮೊದಲಿನ ಇಪ್ಪತ್ತು ನಿಮಿಷ ಮಾತ್ರ. ಓಣಿಯ ಶಾಟ್‌ಗಳು ಎರಡು ದಿನಕ್ಕೆ ಹಂಚಿರಲಿ. ಒಳಗಿನವನ್ನು ಹಗಲಲ್ಲಿ ಕಿಟಕಿ ಮುಚ್ಚಿ ತೆಗೆದರೂ ನಡೆದೀತು.

ಕೊನೆಯ ಪದ್ಯ ಮುಗಿದ ಮೇಲೆ ಮೂರು ಸೆಕೆಂಡ್ ಬಿಟ್ಟು ಓಣಿಯ ಮಗ್ಗಗಳು ಶುರುವಾಗಲಿ. ಮೊದಲು ಎಡದಿಂದ ಒಂದು, ಆಮೇಲೆ ಬಲದಿಂದ ಎರಡು. ಮಿಕ್ಸಿಂಗ್‌ನಲ್ಲಿ ನಡುವಿನ ಜಾಗ, ಅಂದರೆ ಸಂಗಪ್ಪನ ಮನೆ ಇರುವ ದಿಕ್ಕು, ಖಾಲಿಯೇ ಇರಬೇಕು. ಮೊಬೈಲಿನ ಸ್ಪೀಕರಿನಲ್ಲಿ ಎಡಬಲ ತಿಳಿಯುವುದಿಲ್ಲವಾದ್ದರಿಂದ ಆ ಮೂರು ಮನೆಗಳನ್ನು ಒಂದೊಂದಾಗಿ ತೋರಿಸಿ, ನಾಲ್ಕನೆಯದಾಗಿ ಮುಂದ ಮಾಡಿದ ಕದ ತೋರಿಸಿ.

ಉದ್ದ ಕಡಿಮೆ ಮಾಡಲೇಬೇಕಾದರೆ ನಾಲ್ಕನೆಯ ಪದ್ಯ ಬಿಡಿ. ಚಿತ್ರೀಕರಣದ ದಿನ ನಾಯಿ ಬೊಗಳಿ, ಆ ಶಾಟನ್ನೇ ಇಟ್ಟುಕೊಳ್ಳಬೇಕೆನಿಸಿದರೂ ಆ ಪದ್ಯವನ್ನೇ ಬಿಡಿ. ಎರಡನೆಯದನ್ನು ಬಿಟ್ಟರೆ ಸೀರೆಯ ಸುಳಿವು ತಪ್ಪುತ್ತದೆ. ಮೂರು, ಐದನ್ನು ಮುಟ್ಟಬೇಡಿ. ಸಬ್‌ಟೈಟಲ್ ಮಾಡುವವರು ಪದ್ಯದ ಮೂರು ಸಾಲನ್ನೂ ಒಟ್ಟಿಗೆ ತೋರಿಸದೆ, ಎರಡನೆಯ ಸಾಲಿನ ಗೆರೆಯಾಚೆಯ ಪದವನ್ನು ಮೂರನೆಯ ಸಾಲಿನ ಜೊತೆಗೇ ಬಿಡಲಿ.