ಎಲೆಗೆ ಎಷ್ಟು ಸೌಟು

ಪಾಯಸ ಮುಗಿದ ಸುದ್ದಿಯನ್ನು ಅಡುಗೆಮನೆಗೆ ತಂದದ್ದು ಬಡಿಸುವ ಗಣೇಶ. ಕೈಯಲ್ಲಿದ್ದ ಸ್ಟೀಲ್ ಬಾಲ್ದಿಯನ್ನು ಓರೆ ಮಾಡಿ ತೋರಿಸಿದ. ತಳದಲ್ಲಿ ನಾಲ್ಕೈದು ಗೇರುಬೀಜದ ಚೂರು ಮಾತ್ರ ಅಂಟಿಕೊಂಡಿತ್ತು.

"ಭಟ್ರೇ, ಮೂರನೇ ಪಂಕ್ತಿಯಲ್ಲಿ ಇನ್ನೂ ಎಪ್ಪತ್ತೈದು ಎಲೆ ಬಾಕಿ ಉಂಟು. ಕೊಪ್ಪರಿಗೆಯಲ್ಲಿ ಎಂತಾದ್ರೂ ಉಂಟಾ?"

ವಾಸು ಭಟ್ರು ಕೊಪ್ಪರಿಗೆಯೊಳಗೆ ಇಣುಕಿದರು. ಏನೂ ಇರಲಿಲ್ಲ. ಕಟಪಾಡಿಯ ಆ ಮಂಟಪದಲ್ಲಿ ಅವತ್ತು ಮದುಮಗಳ ಕಡೆಯ ಊಟ, ಕಡ್ಲೆಬೇಳೆ ಪಾಯಸ, ಜೊತೆಗೆ ಕಾಯಿಹೋಳಿಗೆ. ಮೊದಲ ಎರಡು ಪಂಕ್ತಿಯಲ್ಲಿ ಗಂಡಿನ ಕಡೆಯವರು, ನೆಂಟರು, ಊರವರು ಉಂಡಿದ್ದರು. ಈಗ ಕೂತವರು ಮನೆಯವರೇ. ಮೂರು ದಿನದಿಂದ ಓಡಾಡಿ ಎಲ್ಲರನ್ನೂ ಉಣ್ಣಿಸಿ ಕಡೆಗೆ ಕೂತವರು. ಸಾಲಿನ ತುದಿಯಲ್ಲಿ ಮದುಮಗಳ ಅಮ್ಮ ಇದ್ದರು.

"ಹೋಳಿಗೆ ಇನ್ನೊಂದು ಸುತ್ತು ಬಿಡಿ. ತುಪ್ಪ ಧಾರಾಳ ಹಾಕಿ. ಮಜ್ಜಿಗೆಹುಳಿ ನಿಧಾನ ತನ್ನಿ" ಎಂದರು ಭಟ್ರು. "ಗಿರಿಜಾ, ಕಾಯಿ ತುರಿ. ಆರು ಕಾಯಿ. ಯಾರಾದ್ರೂ ತಾಂಬೂಲಕ್ಕೆ ತಂದ ಬಾಳೆಗೊನೆ ಇಳಿಸಿ."

ಬಾಳೆಹಣ್ಣಿನ ರಸಾಯನಕ್ಕೆ ಒಲೆ ಬೇಡ. ಹಾಲು ಹಿಂಡಿ, ಬೆಲ್ಲ ಕರಗಿಸಿ, ಹಣ್ಣು ಹೆಚ್ಚಿ ಹಾಕಿ, ಏಲಕ್ಕಿ ಗುದ್ದಿ ಉದುರಿಸಿದರೆ ಆಯಿತು. ಹತ್ತು ನಿಮಿಷದಲ್ಲಿ ಬಾಲ್ದಿ ಪಂಕ್ತಿಗೆ ಹೋಯಿತು. ಉಂಡವರು ಚೆನ್ನಾಗಿದೆ ಎಂದೇ ಹೇಳಿದರು. ಆದರೆ ಮದುಮಗಳ ಅಮ್ಮ ಕೈತೊಳೆಯಲು ಹೋಗುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಭಟ್ರೇ, ಪಾಯಸ ತುಂಬಾ ಒಳ್ಳೆದಾಗಿತ್ತಂತೆ" ಎಂದು ಹೇಳಿ ಹೋದರು. ಆ 'ಅಂತೆ' ಭಟ್ರಿಗೆ ನಾಟಿತು. ಅವರು ಕೊಂಕು ನುಡಿದದ್ದಲ್ಲ, ನಿಜವಾಗಿಯೂ ರುಚಿ ನೋಡದೆ ಕೇಳಿದ್ದನ್ನಷ್ಟೇ ಹೇಳಿದ್ದರು.

ಎಲೆ ಎತ್ತಿದ ಮೇಲೆ ಭಟ್ರು ಮರದ ಸ್ಟೂಲಿನಲ್ಲಿ ಕೂತು ಲೆಕ್ಕ ಹಾಕತೊಡಗಿದರು. ನೂರು ಎಲೆಗೆ ಒಂದೂವರೆ ಕಿಲೋ ಕಡ್ಲೆಬೇಳೆ. ಅದು ಸೋದರಮಾವ ಕಲಿಸಿದ ಅಂದಾಜು. ನಾನೂರೈವತ್ತು ಎಲೆಗೆ ಆರೂಮುಕ್ಕಾಲು, ಇರಲಿ ಎಂದು ಏಳು ಕಿಲೋ ಹಾಕಿದ್ದರು. ಎಲೆಯೂ ನಾನೂರೈವತ್ತೇ ಆಗಿತ್ತು, ಒಂದೂ ಹೆಚ್ಚಿಲ್ಲ. ಮತ್ತೆ ಎಲ್ಲಿ ಹೋಯಿತು?

"ಮಾವನ ಲೆಕ್ಕ ಎಂದೂ ತಪ್ಪಿದ್ದಿಲ್ಲ ಮಾರಾಯ್ತಿ" ಎಂದು ಗಿರಿಜನ ಹತ್ತಿರ ಹೇಳುತ್ತಿದ್ದದ್ದು ಲಲಿತಕ್ಕನ ಕಿವಿಗೆ ಬಿತ್ತು. ಲಲಿತಕ್ಕ ಮದುಮಗಳ ಚಿಕ್ಕಮ್ಮ, ಕಾಪುವಿನ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಉಳಿದ ಅನ್ನವನ್ನು ಪಾತ್ರೆಗೆ ತುಂಬಿಸಿಕೊಳ್ಳಲು ಬಂದಿದ್ದರು.

"ನಮ್ಮಲ್ಲಿ ಅಂದಾಜು ನಡೆಯುದಿಲ್ಲ ಭಟ್ರೇ. ಐದನೇ ಕ್ಲಾಸಿನವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150. ಬೆಳಿಗ್ಗೆ ಹಾಜರಿ ಎಷ್ಟು ಅಂತ ಕೇಳಿ ಅಕ್ಕಿ ತೂಗುದು. ನೀವು ಒಂದು ಎಲೆಗೆ ಎಷ್ಟು ಪಾಯಸ ಅಂತ ಇಟ್ಟಿದ್ದೀರಿ?"

"ಒಂದು ಸೌಟು. ಕೇಳಿದವರಿಗೆ ಇನ್ನೊಂದು."

"ಸೌಟು ಅಂದ್ರೆ ಎಷ್ಟು?"

ಭಟ್ರ ಬಳಿ ಉತ್ತರವಿರಲಿಲ್ಲ. ಲಲಿತಕ್ಕ ಒಂದು ಲೀಟರಿನ ಖಾಲಿ ನೀರಿನ ಬಾಟ್ಲಿ ತಂದು, ಗಣೇಶನ ಸೌಟಿನಿಂದ ನೀರು ತುಂಬಿಸಿದರು. ಹತ್ತು ಸೌಟಿಗೆ ಬಾಟ್ಲಿ ತುಂಬಿತು. ಭಟ್ರು ಎದ್ದು ಹೋಗಿ ತಮ್ಮ ಚೀಲದ ತಳದಿಂದ ಮಾವನ ಹಿತ್ತಾಳೆ ಸೌಟು ತೆಗೆದರು. ಹಿಡಿ ಸವೆದು ನುಣುಪಾಗಿದ್ದ, ಬಾಯಿ ಒಂದು ಕಡೆ ಸ್ವಲ್ಪ ನೆಗ್ಗಿದ್ದ ಸೌಟು. ಅದರಿಂದ ತುಂಬಿಸಿದರು. ಹನ್ನೊಂದು, ಹನ್ನೆರಡು, ಹದಿಮೂರು. ಹದಿನಾಲ್ಕನೆಯದಕ್ಕೆ ನೀರು ಬಾಟ್ಲಿಯ ಕತ್ತಿಗೆ ಬಂತು.

ಕಳೆದ ವರ್ಷ ಬಾಲ್ದಿಗಳನ್ನೆಲ್ಲ ಬದಲಾಯಿಸುವಾಗ ಸೌಟೂ ಹೊಸತು ಬಂದಿತ್ತು. ಆಮೇಲಿನವೆಲ್ಲ ಉಪನಯನ, ಸೀಮಂತದಂಥ ಸಣ್ಣ ಅಡುಗೆಗಳು. ಕಡಿಮೆ ಬೀಳುವಷ್ಟು ಜನ ಬಂದದ್ದು ಇದೇ ಮೊದಲು.

"ಎಷ್ಟು ಜನ ಎರಡನೇ ಸಲ ಹಾಕಿಸಿಕೊಳ್ತಾರೆ?" ಲಲಿತಕ್ಕ ಬಿಡಲಿಲ್ಲ.

ಇದಕ್ಕೆ ಗಣೇಶ ಹೇಳಿದ: "ಹತ್ತರಲ್ಲಿ ನಾಲ್ಕು. ಸಕ್ಕರೆ ಕಾಯಿಲೆಯವರು ಕೈ ಅಡ್ಡ ಹಿಡಿತಾರೆ, ಆದ್ರೆ ಮೊದಲಿನದ್ದು ಎಲೆಗೆ ಬಿದ್ದಾಗಿರ್ತದೆ."

ಹತ್ತು ಎಲೆಗೆ ಹದಿನಾಲ್ಕು ಸೌಟು. ಹೊಸ ಸೌಟು 100 ಮಿಲಿ. ಎಲೆಗೆ 140 ಮಿಲಿ. ಮಾವನ ಸೌಟಿನಲ್ಲಾದರೆ ಸರಿಯಾಗಿ 100 ಮಿಲಿ. ಮಾವ ತಪ್ಪಿರಲಿಲ್ಲ ಎಂದು ಭಟ್ರಿಗೆ ಎಲ್ಲಕ್ಕಿಂತ ಮೊದಲು ಸಮಾಧಾನವಾಯಿತು. ಮಾವ ಹೇಳಿಕೊಟ್ಟದ್ದು ಬೇಳೆಯ ತೂಕ ಮಾತ್ರ, ಸೌಟು ಅವರ ಕೈಯಲ್ಲೇ ಇತ್ತು, ಅದನ್ನು ಬೇರೆ ಹೇಳುವ ಅಗತ್ಯ ಅವರಿಗೆ ಬಂದಿರಲಿಲ್ಲ.

ಇನ್ನೊಂದು ಬಾಕಿ ಉಳಿದಿತ್ತು. ಏಳು ಕಿಲೋ ಬೇಳೆಗೆ ಪಾಯಸ ಎಷ್ಟಾಯಿತು? ಪಾತ್ರೆ ತೊಳೆಯುವವರು ಕೊಪ್ಪರಿಗೆಗೆ ಕೈ ಹಾಕುವುದರಲ್ಲಿದ್ದರು. ಭಟ್ರು "ನಿಲ್ಲಿ, ನಿಲ್ಲಿ" ಎಂದು ಓಡಿದರು. ಒಳಗೋಡೆಯಲ್ಲಿ ಬೆಲ್ಲದ ಕಂದು ಗೆರೆ ಸುತ್ತಲೂ ಒಣಗಿ ನಿಂತಿತ್ತು, ಬೆಳಿಗ್ಗೆ ದಪ್ಪ ಹಾಲು ಹಾಕಿ ಒಲೆಯಿಂದ ಇಳಿಸಿದಾಗಿನ ಮಟ್ಟ ಅದು. ಹತ್ತು ಲೀಟರಿನ ಬಾಲ್ದಿಯಲ್ಲಿ ನೀರು ತಂದು ಸುರಿದರು. ಐದು ಬಾಲ್ದಿ, ಮೇಲೆ ಎರಡೂವರೆ ಲೀಟರು. ಗೆರೆ ಮುಳುಗಿತು.

ಐವತ್ತೆರಡೂವರೆಯನ್ನು ಏಳರಿಂದ ಭಾಗಿಸಿದರೆ ಏಳೂವರೆ. ಒಂದು ಕಿಲೋ ಬೇಳೆ, ಒಂದೂವರೆ ಕಿಲೋ ಬೆಲ್ಲ, ಆರು ಕಾಯಿಯ ಹಾಲು ಸೇರಿ ಏಳೂವರೆ ಲೀಟರ್ ಪಾಯಸ. ಇಷ್ಟು ವರ್ಷ ಕೈಯಳತೆಯಲ್ಲಿ ಮಾಡಿದ್ದು ಮೊದಲ ಬಾರಿಗೆ ಅಂಕಿಯಾಗಿ ಕಂಡಿತು. ದಿನಸಿ ಚೀಟಿಯ ಹಿಂದೆ ಭಟ್ರು ಬರೆದರು. ಬಡಿಸುವವರು, ಅಡುಗೆಯವರು, ಡ್ರೈವರುಗಳು ಸೇರಿ ಇಪ್ಪತ್ತೈದು ಜನ, ಒಟ್ಟು 475 ಎಲೆ.

475 × 140 = 66,500 ಮಿಲಿ
66.5 ÷ 7.5 = 8.87

"ಒಂಬತ್ತು ಕಿಲೋ ಹಾಕಬೇಕಿತ್ತು" ಎಂದರು. "ಬೆಲ್ಲ ಹದಿಮೂರೂವರೆ, ಕಾಯಿ ಐವತ್ತನಾಲ್ಕು."

ಬೇಳೆ ಹಳತಾದರೆ ನೀರು ಹೆಚ್ಚು ಕುಡಿಯುವುದಿಲ್ಲ, ಬೇಯುವುದೂ ನಿಧಾನ. ಕಾಯಿ ಎಳತಾದರೆ ಹಾಲು ತೆಳು. ಅದನ್ನೆಲ್ಲ ಚೀಟಿಯಲ್ಲಿ ಬರೆಯಲಾಗುವುದಿಲ್ಲ, ಕೈಯೇ ಹೇಳಬೇಕು. ಆದರೆ ಅಂಗಡಿಯಿಂದ ಎಷ್ಟು ಸಾಮಾನು ಬರಬೇಕು ಎನ್ನುವುದನ್ನು ಕೈ ಹೇಳಲಾರದು. ಅವತ್ತು ಸಂಜೆ ಭಟ್ರು ಅಡಿಕೆ ಸಲಾಕೆಯೊಂದನ್ನು ನಯವಾಗಿ ಕೆತ್ತಿ, ಕೊಪ್ಪರಿಗೆಗೆ ಹತ್ತು ಹತ್ತು ಲೀಟರ್ ನೀರು ಹಾಕುತ್ತ ಕತ್ತಿಯಿಂದ ಗುರುತು ಮಾಡಿದರು. ಕೊಪ್ಪರಿಗೆಯ ತಳ ಕಿರಿದು, ಮೇಲೆ ಅಗಲ. ಹಾಗಾಗಿ ಮೇಲಿನ ಗುರುತುಗಳು ಒಂದಕ್ಕೊಂದು ಹತ್ತಿರ ಹತ್ತಿರ ಬಿದ್ದವು.

ಮುಂದಿನ ಮದುವೆ ಬ್ರಹ್ಮಾವರದಲ್ಲಿ. ಕೆಲಸದವರೂ ಸೇರಿ ಮುನ್ನೂರು ಎಲೆ, ನಲವತ್ತೆರಡು ಲೀಟರು, ಐದು ಕಿಲೋ ಆರುನೂರು ಗ್ರಾಂ. ಆರು ಕಿಲೋ ಹಾಕಿದರು. ಕಡೆಯ ಪಂಕ್ತಿ ಎದ್ದ ಮೇಲೆ ಸಲಾಕೆ ಇಳಿಸಿ ನೋಡಿದರೆ ತಳದಲ್ಲಿ ಎರಡು ಲೀಟರಿನಷ್ಟು ಇತ್ತು. ಪಾತ್ರೆ ತೊಳೆಯುವ ಹೆಂಗಸರು ಮನೆಗೆ ಒಯ್ದರು. ಭಟ್ರು ಒಂದು ತಂಬಿಗೆ ತೆಗೆದಿಟ್ಟು, ವಾಪಸು ಬರುವಾಗ ಕಟಪಾಡಿಯಲ್ಲಿ ಇಳಿದು ಆ ಮನೆಗೆ ಕೊಟ್ಟು ಬಂದರು.

ಅದಾದ ಮೇಲೆ ಮಣಿಪಾಲದಿಂದ ಒಬ್ಬರು ಬಂದರು. ಮಗಳ ಆರತಕ್ಷತೆ, ಆರುನೂರು ಜನ, ಎಲೆ ಊಟ ಅಲ್ಲ, ಬಫೆ.

"ಪಾಯಸ ಕಪ್ಪಿನಲ್ಲಿ ಕೊಡುವ ಅಂತ ಭಟ್ರೇ. ಜನರೇ ಬಂದು ತೆಗೆದುಕೊಳ್ತಾರೆ. ಎಷ್ಟು ಬೇಳೆ ಬೇಕಾದೀತು?"

"ಎರಡೆರಡು ಕಪ್ಪು ಎತ್ತುವವರು ಎಷ್ಟು ಜನ ಅಂತ ನಂಗೆ ಗೊತ್ತಿಲ್ಲ. ಬೇರೆ ಬಫೆ ಮಾಡಿದವರ ಹತ್ರ ಕೇಳಿ ಹೇಳ್ತೇನೆ" ಎಂದರು ಭಟ್ರು. "ಅದಕ್ಕೆ ಮೊದಲು ಆ ಕಪ್ಪು ಒಂದು ತಂದು ಕೊಡಿ."