ಶುಕ್ರವಾರದ ಜಮಾ

ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ, ಅವರ ಆಧಾರ್ ಕಾರ್ಡಿಗಾಗಿ ಟ್ರಂಕನ್ನು ಬರಿದು ಮಾಡುತ್ತಿದ್ದ ರಘುವಿಗೆ, ತಳಕ್ಕೆ ಹಾಸಿದ್ದ ಹಳೆಯ ಕ್ಯಾಲೆಂಡರಿನ ಅಡಿಯಲ್ಲಿ, ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಪಾಸ್‌ಬುಕ್ಕೊಂದು ಸಿಕ್ಕಿತು. ಅದು ಸಂಬಳದ ಖಾತೆಯದಾಗಿರಲಿಲ್ಲ. ಸಂಬಳದ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬರುತ್ತಿದ್ದವನು ರಘುವೇ.

ಕೊಡಗಿನ ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. 2009ರ ಜೂನ್‌ನಲ್ಲಿ 300 ರೂಪಾಯಿ ಜಮಾ. ಜುಲೈನಲ್ಲಿ 300. ಹಾಳೆಯ ಮೇಲೆ ಹಾಳೆ ಮಗುಚಿದರೂ ಅದೇ 300. ತೋಟದ ರೈಟರಾಗಿ ಆಳುಗಳ ಹಾಜರಿಯನ್ನು ಒಂದು ದಿನವೂ ತಪ್ಪಿಸದೆ ಬರೆಯುತ್ತಿದ್ದ ಮನುಷ್ಯ ಇಲ್ಲಿಯೂ ತಪ್ಪಿಸಿರಲಿಲ್ಲ. ತಾರೀಕುಗಳನ್ನು ಮೊಬೈಲಿನಲ್ಲಿ ತಾಳೆ ನೋಡಿದಾಗ ಎಲ್ಲವೂ ಶುಕ್ರವಾರಗಳೇ, ಅಂದರೆ ಮಡಿಕೇರಿಯ ಸಂತೆಯ ದಿನಗಳೇ ಆಗಿದ್ದವು.

ಖಾಲಿ ಬಿಟ್ಟಿದ್ದು ಎರಡೇ ತಿಂಗಳು: 2018ರ ಆಗಸ್ಟ್ ಮತ್ತು ಸೆಪ್ಟೆಂಬರ್. ಮಕ್ಕಂದೂರಿನ ಕಡೆ ಗುಡ್ಡ ಕುಸಿದು, ಈ ಟ್ರಂಕೊಂದನ್ನೇ ಹೊತ್ತು ಅವರು ಮಡಿಕೇರಿಯ ಪರಿಹಾರ ಕೇಂದ್ರ ಸೇರಿದ ತಿಂಗಳುಗಳು ಅವು. ಆಗ ಈ ಖಾತೆಯಲ್ಲಿ 39,260 ರೂಪಾಯಿ ಇತ್ತು. ಅದೇ ಅಕ್ಟೋಬರಿನಲ್ಲಿ, ಬಾಡಿಗೆ ಮನೆಯ ಮುಂಗಡಕ್ಕೆಂದು ಅಮ್ಮನ ಸರ ಮಾರಲು ಅಂಗಡಿಗೆ ಹೋದವನು ರಘುವೇ. ತಕ್ಕಡಿಯ ತಟ್ಟೆಯಲ್ಲಿ ಸುರುಳಿ ಸುತ್ತಿ ಬಿದ್ದ ಸರ, ಅದರ ಕೊಂಡಿಗೆ ಅಮ್ಮ ಸುತ್ತಿದ್ದ ಕೆಂಪು ದಾರ, ಅದನ್ನು ಉಗುರಿನಿಂದ ಬಿಡಿಸಿ ಬದಿಗೆಸೆದ ಅಂಗಡಿಯವನು, ಎಲ್ಲವೂ ಕಣ್ಣ ಮುಂದೆ ಬಂದು, ಸತ್ತವರ ಮೇಲೆ ಬರಬಾರದಷ್ಟು ಸಿಟ್ಟು ಬಂತು.

ಮೊದಲ ಪುಟಕ್ಕೆ ಮರಳಿದಾಗಲೇ ನಾಮಿನಿಯ ಹೆಸರು ಕಣ್ಣಿಗೆ ಬಿದ್ದದ್ದು: ಸರೋಜ, ಮಗಳು. ಅಕ್ಕ ತಾನು ಮೆಚ್ಚಿದವನನ್ನು ಮದುವೆಯಾಗಿ ಮನೆ ಬಿಟ್ಟದ್ದು 2009ರ ಮೇ ತಿಂಗಳಲ್ಲಿ. ಅಂದಿನಿಂದ ಅಪ್ಪ ಆ ಹೆಸರನ್ನು ಬಾಯಲ್ಲಿ ಆಡಿರಲಿಲ್ಲ, ಇತರರು ಆಡಿದರೆ ಎದ್ದು ಹೊರಗೆ ಹೋಗುತ್ತಿದ್ದರು.

ರಘು ಪಾಸ್‌ಬುಕ್ಕನ್ನು ಹಿಡಿದು ಅಡುಗೆಮನೆಗೆ ಹೋದನು. ಅಮ್ಮ ಕೆಸುವಿನ ದಂಟಿನ ನಾರು ತೆಗೆಯುತ್ತಿದ್ದರು.

"ಇದು ನಿಮಗೆ ಗೊತ್ತಿತ್ತಾ ಅಮ್ಮ?"

ಅಮ್ಮ ತಲೆ ಎತ್ತಲಿಲ್ಲ. "ಕೊನೆಯದು ಯಾವ ತಿಂಗಳದ್ದು ನೋಡು."

"ಈ ಮಾರ್ಚ್‌ನದ್ದು. ಒಟ್ಟು 68,417 ಇದೆ."

ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು, ಅಕ್ಕಿಯ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ, ನೂರರ ಮೂರು ನೋಟುಗಳನ್ನು ತೆಗೆದು ಅವಕ್ಕೆ ಅಂಟಿದ್ದ ಹಿಟ್ಟನ್ನು ಊದಿದರು.

"ಏಪ್ರಿಲ್‌ನದ್ದು ಇಲ್ಲಿದೆ. ಅವರಿಗೆ ಹೋಗಲು ಆಗಲಿಲ್ಲ. ಸರೋಜಾಗೆ ಫೋನು ಮಾಡಿದರೆ ಇದನ್ನೂ ಸೇರಿಸಿ ಹೇಳು."