ನಿನ್ನ ಸೂಟ್‌ಕೇಸಿನಲ್ಲಿ ಎರಡೂವರೆ ಕೆಜಿ ಜಾಗ ಸಿಗಬಹುದಾ?

ಮೇಗರವಳ್ಳಿ, ತೀರ್ಥಹಳ್ಳಿ ತಾಲೂಕು
ಮೇ 18, ಭಾನುವಾರ

ಪ್ರೀತಿಯ ಸುಮಾ,

ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಿಮ್ಮಮ್ಮ ಸಿಕ್ಕಿದ್ದರು. ನೀನು 28ಕ್ಕೆ ಬರುತ್ತೀಯ, ಜೂನ್ 15ರ ರಾತ್ರಿ ಬೆಂಗಳೂರಿನಿಂದ ವಾಪಸ್ ಹೊರಡುತ್ತೀಯ ಅಂತ ಹೇಳಿದರು. ನಾನು ಬಾಯಿ ಬಿಡುವ ಮೊದಲೇ, "ನಿಧಿಗೆ ಏನಾದರೂ ಕಳಿಸೋದಿದ್ರೆ ಸುಮಾ ಹತ್ರ ಕೊಟ್ಟುಬಿಡು" ಅಂದರು. ಅಮ್ಮ ಒಪ್ಪಿದರೆ ಆಯ್ತಾ? ಹೊರುವವಳು ನೀನು. ಅದಕ್ಕೇ ನಿನ್ನನ್ನೇ ಕೇಳೋಣ ಅಂತ, ನೀನು ಇನ್ನೂ ಮ್ಯೂನಿಕ್‌ನಲ್ಲಿರುವಾಗಲೇ ಬರೆಯುತ್ತಿದ್ದೇನೆ. ಮನೆಗೆ ಬಂದು ಎದುರು ಕೂತು ಕೇಳಿದರೆ ಇಲ್ಲ ಅನ್ನೋದು ಕಷ್ಟ, ಅಲ್ವಾ?

ಕೇಳುವುದು ಇಷ್ಟು. ನಿಮ್ಮ ಮ್ಯೂನಿಕ್ ಹತ್ತಿರದ ಆಗ್ಸ್‌ಬರ್ಗಿನಲ್ಲಿ ಓದುತ್ತಿರುವ ನಮ್ಮ ನಿಧಿಗೆ ಒಂದು ಪಾರ್ಸೆಲ್ ತೆಗೆದುಕೊಂಡು ಹೋಗಲು ಆಗುತ್ತದಾ? ಒಂದೇ ರಟ್ಟಿನ ಡಬ್ಬಿ. ಉದ್ದ 32 ಸೆಂಟಿಮೀಟರ್, ಅಗಲ 24, ಎತ್ತರ 14. ದೊಡ್ಡವರ ಶೂ ಬರುವ ಡಬ್ಬಿಗಿಂತ ಒಂಚೂರು ಅಗಲ ಅಂದುಕೋ. ಎಲ್ಲ ಸೇರಿ ತೂಕ ಎರಡೂವರೆ ಕೆಜಿ. ಇದು ಅಂದಾಜಲ್ಲ. ಮೆಣಸಿನಕಾಳು ಮಾರಲು ಇಟ್ಟುಕೊಂಡಿರುವ ತಕ್ಕಡಿಯಲ್ಲಿ ಖಾಲಿ ಡಬ್ಬಿಯನ್ನೂ ಇಟ್ಟು, ಒಂದೊಂದನ್ನೂ ತೂಗಿ ಕೂಡಿಸಿದ್ದು.

ಇಷ್ಟು ಲೆಕ್ಕ ಯಾಕೆ ಅಂತ ನಿನಗೆ ಗೊತ್ತು. ಹೋದ ಸಲ ಬಂದಾಗ ನೀನು ಹೇಳಿದ್ದು ಮರೆತಿಲ್ಲ. "ಒಂದು ಸಣ್ಣ ಪೊಟ್ಟಣ" ಅಂದವರು ಹೊರಡುವ ಹಿಂದಿನ ರಾತ್ರಿ ಟೇಪ್ ಸುತ್ತಿದ ಆರು ಕೆಜಿ ಡಬ್ಬಿ ತಂದಿಟ್ಟರಂತೆ. ನೀನು ಏರ್‌ಪೋರ್ಟಿನಲ್ಲಿ ಕೂತು, ಬಾಚಣಿಗೆ ಹಲ್ಲಿನಿಂದ ಟೇಪ್ ಹರಿದೆಯಂತೆ. ನನಗೂ ಅಂಥದ್ದೇ ಆಗಿತ್ತು. ಮದುವೆಯಾದ ಹೊಸತು, ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೊರಟಿದ್ದೆ. ನೆಂಟರೊಬ್ಬರು ಒಂದು ತಂಬಿಗೆ ಜೋನಿಬೆಲ್ಲ ಕೊಟ್ಟರು, "ಬಿಗಿಯಾಗಿ ಮುಚ್ಚಿದೀನಿ" ಅಂದರು. ತರೀಕೆರೆ ದಾಟುವಷ್ಟರಲ್ಲಿ ಅದು ನನ್ನ ಧಾರೆ ಸೀರೆಯೊಳಗಿತ್ತು. ಬೆಂಗಳೂರಿನಲ್ಲಿ ಇಳಿದಾಗ ಇರುವೆಗಳೂ ನನ್ನ ಜೊತೆ ಇಳಿದವು. ಆವತ್ತಿನಿಂದ ಬೇರೆಯವರ ಕೈಗೆ ದ್ರವದ ವಸ್ತು ಕೊಡುವುದಿಲ್ಲ ಅಂತ ಶಪಥ ಮಾಡಿದ್ದೇನೆ.

ಈಗ ಡಬ್ಬಿಯೊಳಗೆ ಏನೇನಿದೆ ಅಂತ ಹೇಳುತ್ತೇನೆ.

ಮೊದಲನೆಯದು ಎರಡು ಜೊತೆ ಕನ್ನಡಕ. ನಿಜ ಹೇಳಬೇಕೆಂದರೆ ಈ ಪಾರ್ಸೆಲ್ಲು ಹುಟ್ಟಿದ್ದೇ ಅದಕ್ಕೆ. ನಿಧಿಯ ಕನ್ನಡಕದ ಒಂದು ಕಡ್ಡಿ ಮುರಿದು ಎರಡು ತಿಂಗಳಾಯ್ತು. ಟೇಪ್ ಸುತ್ತಿಕೊಂಡು ಕ್ಲಾಸಿಗೆ ಹೋಗುತ್ತಿದ್ದಾಳೆ. ಅಲ್ಲಿ ಮಾಡಿಸಲು ಹೇಳಿದರೆ ಬೆಲೆ ಕೇಳಿ ಸುಮ್ಮನಾಗುತ್ತಾಳೆ. ಇಲ್ಲಿ ಶಿವಮೊಗ್ಗದಲ್ಲಿ ಅವಳ ನಂಬರಿಗೆ ಮಾಡಿಸಿದ್ದೇನೆ. ಗಟ್ಟಿ ಡಬ್ಬಿಯಲ್ಲಿವೆ, ಎರಡೂ ಸೇರಿ 150 ಗ್ರಾಂ. ಕಣ್ಣಿನ ಡಾಕ್ಟರ ಚೀಟಿ, ಅಂಗಡಿಯ ಬಿಲ್ಲಿನ ಪ್ರತಿ ಜೊತೆಗಿವೆ. ಆದರೆ ಇದನ್ನು ಮಾತ್ರ ನಿನ್ನ ಕೈಚೀಲದಲ್ಲಿಟ್ಟುಕೋ.

ಎರಡನೆಯದು ಮಿಡಿ ಉಪ್ಪಿನಕಾಯಿ. ದ್ರವ ಕೊಡಲ್ಲ ಅಂದವಳು ಉಪ್ಪಿನಕಾಯಿ ಕೊಡುತ್ತಿದ್ದಾಳಲ್ಲ ಅನ್ನಬೇಡ. ರಸ ಪೂರ್ತಿ ಬಸಿದು ಬರೀ ಮಿಡಿ ಮತ್ತು ಅದಕ್ಕೆ ಹತ್ತಿದ ಗಟ್ಟಿ ಖಾರ ಮಾತ್ರ ಹಾಕಿದ್ದೇನೆ. ಹೊಳೆ ಪಕ್ಕದ ಮರದ ಜೀರಿಗೆ ಮಿಡಿ. ಮಾರ್ಚಿನಲ್ಲಿ ಉಪ್ಪಿಗೆ ಹಾಕಿದ್ದು ಚೆನ್ನಾಗಿ ಚಿರುಟಿದೆ. ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಜಾಡಿಗೆ ಮುಕ್ಕಾಲು ಮಾತ್ರ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಮೇಲೆ ಟೇಪ್ ಸುತ್ತಿ, ಎರಡು ಜಿಪ್ ಕವರಿನೊಳಗೆ ಹಾಕಿದ್ದೇನೆ. ಸ್ನಾನದ ಮನೆಯಲ್ಲಿ ಒಂದು ರಾತ್ರಿ ತಲೆಕೆಳಗಾಗಿ ಇಟ್ಟು ನೋಡಿದೆ. ಬೆಳಿಗ್ಗೆ ಕವರು ಒಣಗಿತ್ತು. ಜಾಡಿ ಸೇರಿ 780 ಗ್ರಾಂ. ಇದು ಚೆಕ್-ಇನ್ ಸೂಟ್‌ಕೇಸಿನಲ್ಲೇ ಹೋಗಬೇಕು. ಕೈಬ್ಯಾಗಿನಲ್ಲಿಟ್ಟರೆ ಸೆಕ್ಯುರಿಟಿಯವರು ಬಿಡುವುದಿಲ್ಲ.

ಉಳಿದಿದ್ದೆಲ್ಲ ಒಣ ಸಾಮಾನು. ಹಲಸಿನ ಹಪ್ಪಳ ಐವತ್ತು, 400 ಗ್ರಾಂ. ಮಳೆ ಹಿಡಿಯುವ ಮೊದಲು ಚಾಪೆ ಮೇಲೆ ಒಣಗಿಸಿದ್ದು. ಸಾರಿನ ಪುಡಿ ಕಾಲು ಕೆಜಿ, ನಮ್ಮ ಬಳ್ಳಿಯ ಕಾಳುಮೆಣಸು 200 ಗ್ರಾಂ, ಒಣಗಿಸಿದ ಮುರುಗಲು ಸಿಪ್ಪೆ 150. ಪುಡಿ ನೋಡಿ ಯಾರಿಗೂ ಅನುಮಾನ ಬರಬಾರದು ಅಂತ ಪ್ರತಿ ಪೊಟ್ಟಣದ ಮೇಲೂ ಒಳಗೇನಿದೆ ಅಂತ ಇಂಗ್ಲಿಷಿನಲ್ಲಿ ಬರೆದು ಅಂಟಿಸಿದ್ದೇನೆ. ಇವೆಲ್ಲ ಅಲುಗಾಡದಂತೆ ಸುತ್ತಿರುವುದು ನಮ್ಮತ್ತೆಯ ಒಂದು ಹಳೇ ಹತ್ತಿ ಸೀರೆ, 450 ಗ್ರಾಂ. ಸೀರೆಯೂ ನಿಧಿಗೇ. ಹೊದೆಯಲು ಅದೇ ಬೇಕು ಅಂತ ಕೇಳಿದ್ದಾಳೆ. ರಟ್ಟಿನ ಡಬ್ಬಿ 120 ಗ್ರಾಂ. ಒಟ್ಟು ಬೆಲೆ ನಾಲ್ಕೂವರೆ ಸಾವಿರ ರೂಪಾಯಿ ದಾಟುವುದಿಲ್ಲ, ಅದರಲ್ಲಿ ಹೆಚ್ಚಿನದು ಕನ್ನಡಕದ್ದೇ. ವಿಮಾನದಲ್ಲಿ ಯುರೋಪಿಗೆ ಬರುವವರಿಗೆ 430 ಯೂರೋವರೆಗೆ ಸುಂಕವಿಲ್ಲ ಅನ್ನುತ್ತಾರೆ. ನೀನು ನಿನಗಾಗಿ ಕೊಳ್ಳುವ ಸಾಮಾನಿನ ಜೊತೆ ಇದನ್ನೂ ಸೇರಿಸಿ ಲೆಕ್ಕ ಹಾಕಿಕೋ.

ಡಬ್ಬಿಯಲ್ಲಿ ಏನಿಲ್ಲ ಅನ್ನುವುದಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಯ್ತು. ಅತ್ತೆಗೆ ತುಪ್ಪ ಕಳಿಸಬೇಕು. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯುರೋಪಿನ ಹೊರಗಿನಿಂದ ಒಯ್ಯುವ ಹಾಗಿಲ್ಲ ಅಂದರೆ, "ತುಪ್ಪ ಎಂತಕ್ಕೆ ಹಾಲಾಗ್ತದೆ?" ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಆದರೆ ತುಪ್ಪ ಕಳಿಸುತ್ತಿಲ್ಲ. ಪೇಡೆಯೂ ಇಲ್ಲ. ಬಾಳಕದ ಮೆಣಸು ತುಂಬಿಸಿಯಾಗಿತ್ತು. ಆಮೇಲೆ ಅದನ್ನು ಮಜ್ಜಿಗೆಯಲ್ಲಿ ನೆನೆಸಿದ್ದು ನೆನಪಾಗಿ, ಸುಮ್ನೆ ಯಾಕೆ ರಿಸ್ಕು ಅಂತ ಅದನ್ನೂ ತೆಗೆದೆ. ಹಸಿ ಕರಿಬೇವು, ವೀಳ್ಯದೆಲೆ, ಬೀಜ, ಗಿಡದ ಸಸಿ ಇಲ್ಲ. ಒಣಕೊಬ್ಬರಿ ಇಲ್ಲ, ಎಣ್ಣೆಯಂಶ ಜಾಸ್ತಿ ಅಂತ ನಮ್ಮ ಏರ್‌ಪೋರ್ಟಿನಲ್ಲೇ ಅದನ್ನು ಚೆಕ್-ಇನ್ ಬ್ಯಾಗಿಗೆ ಬಿಡುವುದಿಲ್ಲ. ನೀನು ದುಬೈ ಮೇಲೆ ಹೋಗುತ್ತೀಯ ಅಂತ ಅಮ್ಮ ಹೇಳಿದ್ದಕ್ಕೆ ಗಸಗಸೆಯ ಒಂದು ಕಾಳೂ ಹಾಕಿಲ್ಲ. ಅಲ್ಲಿ ಅದು ಕಾನೂನಿಗೆ ವಿರುದ್ಧ. ಸಾರಿನ ಪುಡಿಗೂ ಗಸಗಸೆ ಹಾಕಿಲ್ಲ, ನಾನೇ ನಿಂತು ಮಾಡಿಸಿದ್ದು. ಚಿನ್ನ, ದುಡ್ಡು, ಮಾತ್ರೆ, ಬ್ಯಾಟರಿ ಏನೂ ಇಲ್ಲ. ಬೇರೆ ಯಾರ ಸಾಮಾನೂ ಇದರೊಳಗೆ ಸೇರುವುದಿಲ್ಲ. ಪಕ್ಕದ ಮನೆಯವರು ಈಗಾಗಲೇ ಒಮ್ಮೆ ಕೇಳಿಯಾಗಿದೆ, ಇಲ್ಲ ಅಂದಿದ್ದೇನೆ.

ಡಬ್ಬಿಗೆ ಟೇಪ್ ಹಾಕದೆ ಕೊಡುತ್ತೇನೆ. ಬ್ಯಾಗ್ ನೀವೇ ಪ್ಯಾಕ್ ಮಾಡಿದ್ದಾ ಅಂತ ಕೌಂಟರಿನಲ್ಲಿ ಕೇಳಿದರೆ ನೀನು ಧೈರ್ಯವಾಗಿ ಹೇಳುವ ಹಾಗಿರಬೇಕು. ಎಲ್ಲವನ್ನೂ ಬಿಚ್ಚಿ ನೋಡು, ಮೂಸಿ ನೋಡು, ನೀನೇ ಕೈಯಾರೆ ಸೂಟ್‌ಕೇಸಿಗೆ ಹಾಕು. ಯಾವುದಾದರೂ ಒಂದು ನಿನ್ನ ಮನಸ್ಸಿಗೆ ಸರಿ ಅನ್ನಿಸದಿದ್ದರೆ ತೆಗೆದು ಅಮ್ಮನ ಅಡುಗೆಮನೆಯಲ್ಲಿ ಇಟ್ಟುಬಿಡು. ನನ್ನನ್ನು ಕೇಳುವುದೂ ಬೇಡ.

ಒಟ್ಟಿಗೆ ಒಯ್ಯಲು ಜಾಗವಿಲ್ಲದಿದ್ದರೆ ಮೊದಲು ಕನ್ನಡಕ. ಅದಷ್ಟೇ ಹೋದರೂ ನನಗೆ ಹಬ್ಬ. ಇನ್ನೂ ಒಂದು ಕೆಜಿ ಹಿಡಿಯುತ್ತದೆ ಅಂದರೆ ಉಪ್ಪಿನಕಾಯಿ. ಹಪ್ಪಳ ಕೊನೆಗೆ. ಅದು ಹೇಗೂ ಅರ್ಧ ಪುಡಿಯಾಗೇ ತಲುಪುವುದು. ನಿನ್ನ ಸಾಮಾನು ತೆಗೆದು ನನ್ನದಕ್ಕೆ ಜಾಗ ಮಾಡಬೇಡ. ತೂಕ ಹೆಚ್ಚಾಯ್ತು ಅಂತ ಕೌಂಟರಿನಲ್ಲಿ ದುಡ್ಡು ಕೇಳಿದರೆ ಕಟ್ಟಬೇಡ, ಡಬ್ಬಿಯನ್ನೇ ತೆಗೆ. ನಿನ್ನನ್ನು ಬಿಡಲು ಬಂದವರ ಕೈಗೆ ಕೊಟ್ಟರಾಯ್ತು. ಅಲ್ಲಿ ಇಳಿದ ಮೇಲೆ ಕಸ್ಟಮ್ಸ್‌ನವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಏನಾದರೂ ಕಿತ್ತು ಬಿಸಾಡಿದರೆ ಬಿಸಾಡಲಿ ಮಾರಾಯ್ತಿ, ಅದಕ್ಕಾಗಿ ಒಂದು ಮಾತೂ ವಾದ ಮಾಡಬೇಡ. ನನಗೆ ಸಾರಿ ಅಂತ ಮೆಸೇಜ್ ಹಾಕಲೂ ಬೇಡ.

ತಂದು ಕೊಡುವುದು ನನ್ನ ಕೆಲಸ. ಜೂನ್ 12, ಗುರುವಾರ ನನಗೆ ಶಿವಮೊಗ್ಗದಲ್ಲಿ ಬ್ಯಾಂಕಿನ ಕೆಲಸವಿದೆ. ಬೆಳಿಗ್ಗೆ ಬಸ್ಸಿಗೆ ಬಂದು ಹನ್ನೊಂದರ ಹೊತ್ತಿಗೆ ವಿನೋಬನಗರಕ್ಕೆ, ಅಮ್ಮನ ಮನೆಗೆ ಬರುತ್ತೇನೆ. ಆವತ್ತು ನೀನು ಇಲ್ಲದಿದ್ದರೆ ಅಮ್ಮನ ಹತ್ತಿರ ಕೊಟ್ಟು ಹೋಗುತ್ತೇನೆ. ಹೊರಡುವ ಹಿಂದಿನ ರಾತ್ರಿ ತಂದಿಡುವ ಪೈಕಿ ನಾನಲ್ಲ. ಅಲ್ಲಿಯೂ ನೀನು ಎಲ್ಲೂ ಅಲೆಯುವುದು ಬೇಡ. ಆಗ್ಸ್‌ಬರ್ಗಿನಿಂದ ಮ್ಯೂನಿಕ್‌ಗೆ ನಿಧಿಯ ತಿಂಗಳ ರೈಲು ಪಾಸು ನಡೆಯುತ್ತದೆ. 21ರ ಶನಿವಾರ ಅಥವಾ ನಿನಗೆ ಯಾವಾಗ ಅನುಕೂಲವೋ ಆವಾಗ, ಮೊದಲೇ ಫೋನ್ ಮಾಡಿ ನಿಮ್ಮ ಮನೆಗೇ ಬಂದು ತೆಗೆದುಕೊಳ್ಳುತ್ತಾಳೆ. ಊಟಕ್ಕೆ ಕೂರಿಸಿಕೊಳ್ಳಬೇಡ, ಕೂತರೆ ಏಳುವ ಪೈಕಿಯಲ್ಲ ಅವಳು.

ಆಗಲ್ಲ ಅನ್ನಿಸಿದರೆ "ಈ ಸಲ ಬೇಡ ಕಣೇ" ಅಂತ ಒಂದು ಸಾಲು ಹಾಕು, ಸಾಕು. ಕಾರಣ ಬರೆಯಬೇಡ. ಕನ್ನಡಕವನ್ನು ಕೊರಿಯರ್‌ನಲ್ಲಿ ಕಳಿಸುತ್ತೇನೆ. ಉಪ್ಪಿನಕಾಯಿ ಜಾಡಿಯಲ್ಲೇ ಇರಲಿ, ಇನ್ನೊಂದು ವರ್ಷಕ್ಕೆ ಇನ್ನೂ ಚೆನ್ನಾಗಿರುತ್ತದೆ. ಜೂನ್ 5ರೊಳಗೆ ತಿಳಿಸಿದರೆ ನನಗೆ ಅನುಕೂಲ.

ಆಗಲಿ, ಆಗದಿರಲಿ, 12ಕ್ಕೆ ನಾನು ಬರುವುದಂತೂ ಖಂಡಿತ. ಒಂದು ಬಾಟಲಿ ತುಪ್ಪವೂ ಜೊತೆಗೆ ಬರುತ್ತದೆ. ಅದು ಪಾರ್ಸೆಲ್ಲಿನ ಲೆಕ್ಕದಲ್ಲಿಲ್ಲ, ವಿಮಾನಕ್ಕೂ ಅಲ್ಲ. ನೀನು ಇಲ್ಲೇ ದೋಸೆಗೆ ಹಾಕಿಕೊಂಡು ತಿನ್ನಬೇಕಂತೆ. ಅತ್ತೆಯ ಆಜ್ಞೆ.

ಇಂತಿ ನಿನ್ನ,
ಶೈಲಾ